ಪುಣೆ ಆಫರ್ ಲೆಟರ್: ಜಾಯಿನಿಂಗ್ ಬೋನಸ್ ವಾಪಸ್ ಕೊಡುವ ಷರತ್ತನ್ನು ಹೇಗೆ ಓದಬೇಕು?

ಬಾಗಲಕೋಟೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷದಿಂದ ಪುಣೆಯಲ್ಲಿದ್ದೇನೆ. ಈಗಿರುವ ಕೆಲಸ ಖರಾಡಿಯಲ್ಲಿ, ಹೊಸ ಆಫರ್ ಹಿಂಜವಡಿಯದು. ಅಕ್ಟೋಬರ್‌ನಲ್ಲೇ ರಾಜೀನಾಮೆ ಕೊಟ್ಟಿದ್ದೇನೆ. ಜನವರಿ 9ಕ್ಕೆ ಇಲ್ಲಿ ಕೊನೆ ದಿನ, 12 ಜನವರಿ 2026ಕ್ಕೆ ಅಲ್ಲಿ ಸೇರಬೇಕು. ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಿ ಎಂದಿದ್ದಾರೆ.

ಈಗ ನನ್ನ ಸಿಟಿಸಿ 13,20,000. ಹೊಸದು 18,00,000. ಶೇ. 36 ಜಾಸ್ತಿ ಎಂದು ಎಚ್‌ಆರ್ ಫೋನಿನಲ್ಲಿ ಹೇಳಿದರು. ಲೆಟರ್‌ನಲ್ಲಿ ಹೀಗಿದೆ:

ಬೇಸಿಕ್ ತಿಂಗಳಿಗೆ 60,000
ಮನೆ ಬಾಡಿಗೆ ಭತ್ಯೆ 24,000
ಸ್ಪೆಷಲ್ ಅಲೋಯನ್ಸ್ 25,750
ಕಂಪನಿಯ ಪಾಲಿನ ಪಿಎಫ್ ವರ್ಷಕ್ಕೆ 86,400
ಗ್ರಾಚ್ಯುಟಿ 34,632
ವಿಮೆ 11,968
ವೇರಿಯಬಲ್ 2,00,000
ಜಾಯಿನಿಂಗ್ ಬೋನಸ್ 1,50,000

ಬೋನಸ್ ಬಗ್ಗೆ ಬರೆದಿರುವುದನ್ನು ಕನ್ನಡದಲ್ಲಿ ಹೇಳುತ್ತೇನೆ. ಸೇರಿ 90 ದಿನ ಆದ ಮೇಲೆ ಬರುವ ಸಂಬಳದ ಜೊತೆ ಕೊಡುತ್ತಾರೆ. ಕೊಟ್ಟ ದಿನದಿಂದ 18 ತಿಂಗಳೊಳಗೆ ನಾನು ರಾಜೀನಾಮೆ ಕೊಟ್ಟರೆ, ಅಥವಾ ಯಾವುದೇ ಕಾರಣಕ್ಕೆ ಕೆಲಸ ಕೊನೆಗೊಂಡರೆ, ಪೂರ್ತಿ ಗ್ರಾಸ್ ಮೊತ್ತ ವಾಪಸ್ ಕೊಡಬೇಕು.

ಅಪ್ಪನಿಗೆ 18 ಲಕ್ಷ ಎಂದು ಹೇಳಿಬಿಟ್ಟಿದ್ದೇನೆ. ಅವರು ಊರಲ್ಲಿ ಎಲ್ಲರಿಗೂ ಹೇಳಿದ್ದಾರೆ. ಆದರೆ ಲೆಟರ್ ಎರಡನೇ ಸಲ ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಇದು ಮಾಮೂಲಿ ಷರತ್ತಾ? ಸಹಿ ಮಾಡಬಹುದಾ?

ಧಾರವಾಡ_ಪೇಢಾ

ಅಭಿನಂದನೆ ಅಕ್ಕಾ. ಸುಮ್ನೆ ಹೆದರಬೇಡಿ. ನಮ್ಮ ದೇಶದಲ್ಲಿ ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಯಾರನ್ನೂ ಬಲವಂತವಾಗಿ ಕೆಲಸದಲ್ಲಿ ಕೂರಿಸುವ ಹಾಗಿಲ್ಲ. ಬಿಟ್ಟು ಹೋದರೆ ಏನೂ ಮಾಡಲಾಗುವುದಿಲ್ಲ.

ಇನ್ನೊಂದು ಒಳ್ಳೆ ಸುದ್ದಿ. ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಗ್ರಾಚ್ಯುಟಿ ಈಗ ಒಂದೇ ವರ್ಷಕ್ಕೆ ಸಿಗುತ್ತದೆ. ಹಾಗಾಗಿ ಆ 34,632 ನಿಮ್ಮದೇ ಎಂದುಕೊಳ್ಳಿ.

ಕೊತ್ರೂಡ್_ಗಿರೀಶ

ನಾನು ಹದಿನಾಲ್ಕು ವರ್ಷದಿಂದ ಪೇರೋಲ್ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೊದಲು ಪೇಢಾ ಅವರ ಮಾತು. ಬಲವಂತವಾಗಿ ಕೂರಿಸುವ ಹಾಗಿಲ್ಲ ಎನ್ನುವುದು ಸರಿ. ಹಣ ಕೇಳುವ ಹಾಗಿಲ್ಲ ಎನ್ನುವುದು ತಪ್ಪು. ವಿಜಯಾ ಬ್ಯಾಂಕಿನ ಪ್ರಕರಣ ಗೊತ್ತಿರಬೇಕಲ್ವಾ? ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ಷರತ್ತು ಅಲ್ಲಿತ್ತು. ಕರ್ನಾಟಕ ಹೈಕೋರ್ಟ್ ನೌಕರನ ಪರ ಹೇಳಿತ್ತು, ಮೇ 2025ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ಹೇಳಿತು. ಅದು ಸರ್ಕಾರಿ ಬ್ಯಾಂಕಿನ ವಿಷಯ, ಎಲ್ಲ ಕಂಪನಿಗೂ ಹಾಗೇ ಅನ್ವಯಿಸುತ್ತದೆ ಎಂದು ಹೇಳಲಾರೆ. ಆದರೆ ಜಾಯಿನಿಂಗ್ ಬೋನಸ್‌ನಲ್ಲಿ ಕಂಪನಿ ನಿಮ್ಮ ಕೈಗೆ ಹಣ ಕೊಟ್ಟಿರುತ್ತದೆ. ಅದನ್ನು ವಾಪಸ್ ಕೇಳುವುದು ಇನ್ನೂ ಸುಲಭ. ಕೋರ್ಟಿಗೆ ಹೋಗುವ ಅಗತ್ಯವೂ ಹೆಚ್ಚಾಗಿ ಬೀಳುವುದಿಲ್ಲ. ಕೊನೆಯ ತಿಂಗಳ ಸಂಬಳ, ಉಳಿದ ರಜೆಯ ಹಣ ಎಲ್ಲದರಿಂದ ಮುರಿದುಕೊಂಡು, ಬಾಕಿ ಕಟ್ಟಿ ಎನ್ನುತ್ತಾರೆ.

ಗ್ರಾಚ್ಯುಟಿ ಒಂದೇ ವರ್ಷಕ್ಕೆ ಸಿಗುವುದು ಇಂತಿಷ್ಟು ಅವಧಿಗೆ ಎಂದು ಕರಾರು ಮಾಡಿ ತೆಗೆದುಕೊಂಡವರಿಗೆ. ಕಾಯಂ ಕೆಲಸಕ್ಕೆ ಐದು ವರ್ಷವೇ.

ಈಗ ನಿಮ್ಮ ಲೆಟರ್, ತಂಗಿ. 18 ಲಕ್ಷ ಎಂಬ ಅಂಕಿಯನ್ನು ಪಕ್ಕಕ್ಕಿಡಿ. ಪ್ರತಿ ತಿಂಗಳು ಪಕ್ಕಾ ಬರುವುದು ಮೇಲಿನ ಮೂರು ಸಾಲು, ಒಟ್ಟು 1,09,750. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 7,200 ಹೋಗುತ್ತದೆ, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಹೋಗುತ್ತದೆ. ಫೆಬ್ರವರಿಯಲ್ಲಿ ಮಾತ್ರ 300. ಉಳಿದದ್ದು 1,02,350, ಅದರಲ್ಲಿ ಟಿಡಿಎಸ್. ಈಗಿನ ಪೇ ಸ್ಲಿಪ್‌ನಲ್ಲಿ ಇದೇ ಮೂರು ಸಾಲಿನ ಮೊತ್ತ ಎಷ್ಟಿದೆ? ಮತ್ತೆ ವೇರಿಯಬಲ್ ಯಾವಾಗ ಕೊಡುತ್ತಾರೆ ಎಂದು ಲೆಟರ್‌ನಲ್ಲಿ ಬರೆದಿದ್ದಾರಾ? ಆ ಪ್ಯಾರಾ ಹಾಕಿ. ಬೋನಸ್ ಷರತ್ತನ್ನು ಅದರ ಜೊತೆ ಸೇರಿಸಿ ಓದಬೇಕು.

ಮಾಪ್ಸಾ_ಮಂಜು

ನಾನು ಗೋವಾದಲ್ಲಿ ಹೋಟೆಲ್ ಲೈನಿನಲ್ಲಿದ್ದೇನೆ. ವೇರಿಯಬಲ್ ಅಂದರೆ ನಮ್ಮಲ್ಲಿ ಸರ್ವಿಸ್ ಚಾರ್ಜ್ ಪಾಲು. ಡಿಸೆಂಬರ್‌ನಲ್ಲಿ ಚೆನ್ನಾಗಿ ಬರುತ್ತದೆ, ಮಳೆಗಾಲದಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಸೀಸನ್ ನೋಡಿ ಸೇರಿಕೊಳ್ಳಿ. ಜನವರಿ ಒಳ್ಳೆಯದೇ.

ಬಾಗಲಕೋಟೆ_ಹುಡುಗಿ

ಮಂಜು ಅಣ್ಣಾ, ನಂದು ಸಾಫ್ಟ್‌ವೇರ್ ಟೆಸ್ಟಿಂಗ್. ಆದರೂ ಬರೆದದ್ದಕ್ಕೆ ಥ್ಯಾಂಕ್ಸ್.

ಗಿರೀಶ ಅಣ್ಣಾ, ಈಗಿನ ಪಗಾರದಲ್ಲಿ ಆ ಮೂರು ಸಾಲು ಸೇರಿ 92,000. ವರ್ಷಕ್ಕೆ 1,20,000 ವೇರಿಯಬಲ್ ಇದೆ, ಮೇ ತಿಂಗಳಲ್ಲಿ ಕೊಡುತ್ತಾರೆ. ಈ ವರ್ಷದ್ದು ನನಗೆ ಬರುವುದಿಲ್ಲ, ಅಷ್ಟರಲ್ಲಿ ಬಿಟ್ಟಿರುತ್ತೇನೆ.

ಹೊಸ ಲೆಟರ್‌ನಲ್ಲಿ ಹೀಗಿದೆ. ವೇರಿಯಬಲ್ ವರ್ಷ ಏಪ್ರಿಲ್‌ನಿಂದ ಮಾರ್ಚ್. ಜನವರಿ 1ರ ನಂತರ ಸೇರಿದವರಿಗೆ ಆ ವರ್ಷ ಲೆಕ್ಕಕ್ಕಿಲ್ಲ. ಜುಲೈ ಸಂಬಳದ ಜೊತೆ ಕೊಡುತ್ತಾರೆ. ಕೊಡುವ ದಿನ ನೌಕರರು ಕಂಪನಿಯಲ್ಲಿರಬೇಕು, ನೋಟಿಸ್ ಅವಧಿಯಲ್ಲಿ ಇರಬಾರದು. ಕಂಪನಿ ಮತ್ತು ವ್ಯಕ್ತಿಯ ಸಾಧನೆ ಎರಡನ್ನೂ ನೋಡಿ ಮೊತ್ತ ನಿರ್ಧಾರ. ನೋಟಿಸ್ 90 ದಿನ.

ಕೊತ್ರೂಡ್_ಗಿರೀಶ

ಹಾಗಾದರೆ ಒಂದು ಕ್ಯಾಲೆಂಡರ್ ತೆಗೆದುಕೊಂಡು ಕೂರಿ. ನಾನು ಎಲ್ಲರಿಗೂ ಇದನ್ನೇ ಮಾಡಿಸುತ್ತೇನೆ.

ಪಕ್ಕಾ ಬರುವ ಪಗಾರ 92,000ದಿಂದ 1,09,750 ಆಗುತ್ತಿದೆ. ಅದು ಶೇ. 19ರಷ್ಟು ಏರಿಕೆ. 36 ಎಂದದ್ದು ವೇರಿಯಬಲ್, ಬೋನಸ್ ಎಲ್ಲ ಸೇರಿಸಿದ ಲೆಕ್ಕ.

ನೀವು ಜನವರಿ 12ಕ್ಕೆ ಸೇರುತ್ತೀರಿ. ಮಾರ್ಚ್ 2026ಕ್ಕೆ ಮುಗಿಯುವ ವರ್ಷಕ್ಕೆ ನಿಮಗೆ ವೇರಿಯಬಲ್ ಇಲ್ಲ. ಲೆಕ್ಕ ಶುರುವಾಗುವುದು ಏಪ್ರಿಲ್ 2026ಕ್ಕೆ, ಮುಗಿಯುವುದು ಮಾರ್ಚ್ 2027ಕ್ಕೆ, ಹಣ ಬರುವುದು ಜುಲೈ 2027ಕ್ಕೆ. ಅಂದರೆ ಮೊದಲ ವರ್ಷದ 18 ಲಕ್ಷದಲ್ಲಿ ತೋರಿಸಿದ 2 ಲಕ್ಷ ನಿಮ್ಮ ಹದಿನೆಂಟನೇ ತಿಂಗಳು ದಾಟಿದ ಮೇಲೆ ಬರುತ್ತದೆ, ಅದೂ ಪೂರ್ತಿ ಬಂದರೆ.

ಬೋನಸ್ ನೋಡಿ. ಜನವರಿ 12ಕ್ಕೆ 90 ದಿನ ಸೇರಿಸಿದರೆ ಏಪ್ರಿಲ್ 12. ಹಣ ಏಪ್ರಿಲ್ ಸಂಬಳದಲ್ಲಿ, ಅಂದರೆ 30 ಏಪ್ರಿಲ್ 2026ಕ್ಕೆ. ಅಲ್ಲಿಂದ 18 ತಿಂಗಳು ಎಂದರೆ 30 ಅಕ್ಟೋಬರ್ 2027. ಅದರೊಳಗೆ ರಾಜೀನಾಮೆ ಕೊಟ್ಟರೆ ಎಂದು ಬರೆದಿದ್ದಾರೆ, ಕೆಲಸ ಬಿಟ್ಟರೆ ಎಂದಲ್ಲ. ಹಾಗಾಗಿ ರಾಜೀನಾಮೆ ಪತ್ರ ಕೊಡುವುದೇ ಅಕ್ಟೋಬರ್ 30 ಆದ ಮೇಲೆ. ಆಮೇಲೆ 90 ದಿನ ನೋಟಿಸ್. ಹೊರಗೆ ಬರುವಾಗ ಜನವರಿ 2028ರ ಕೊನೆ. ಲೆಟರ್‌ನಲ್ಲಿ ಕಾಣುವುದು 18 ತಿಂಗಳು, ನೀವು ಕಟ್ಟಿಹಾಕಿಕೊಳ್ಳುವುದು ಎರಡು ವರ್ಷ.

ಇನ್ನೊಂದು ಮಾತು. ಹಳೆ ಕಂಪನಿಯಲ್ಲಿ ನೀವು 1,20,000 ಬಿಟ್ಟು ಬರುತ್ತಿದ್ದೀರಿ. ಒಂಬತ್ತು ತಿಂಗಳು ದುಡಿದು ಗಳಿಸಿದ ಹಣ ಅದು. ಈ ಜಾಯಿನಿಂಗ್ ಬೋನಸ್ ಹೆಚ್ಚಾಗಿ ಅದಕ್ಕೆ ಬದಲಿ. ಹಾಗಾಗಿ ಇದನ್ನು ಬಹುಮಾನ ಎಂದು ನೋಡಬೇಡಿ. ಎಚ್‌ಆರ್ ಜೊತೆ ಮಾತಾಡುವಾಗ ಈ ಮಾತನ್ನು ಧೈರ್ಯವಾಗಿ ಹೇಳಿ.

ವಾಕಡ್_ಅಣ್ಣ

ಗ್ರಾಸ್ ಎಂಬ ಆ ಒಂದು ಪದವನ್ನು ಬಿಡಬೇಡಿ ತಂಗೀ. ನಾನು ಸುಟ್ಟುಕೊಂಡಿದ್ದೇನೆ.

ಆಗಸ್ಟ್ 2022ರಲ್ಲಿ ಒಂದು ಕಂಪನಿಗೆ ಸೇರಿದೆ. 2,00,000 ಜಾಯಿನಿಂಗ್ ಬೋನಸ್, 12 ತಿಂಗಳ ಷರತ್ತು. ನಾನು ಹಳೆ ತೆರಿಗೆ ಪದ್ಧತಿಯಲ್ಲಿ ಶೇ. 30ರ ಸ್ಲ್ಯಾಬ್‌ನಲ್ಲಿದ್ದೆ. ಸೆಸ್ ಸೇರಿ 62,400 ತೆರಿಗೆ ಮುರಿದು 1,37,600 ಖಾತೆಗೆ ಬಂತು. ಆ ಹಣದಲ್ಲಿ ವಾಕಡ್‌ನ ಫ್ಲ್ಯಾಟಿಗೆ ಡಿಪಾಸಿಟ್ ಕಟ್ಟಿದೆ.

ಅಮ್ಮನ ಆರೋಗ್ಯ ಕೆಟ್ಟಿತು. ಹುಬ್ಬಳ್ಳಿಯಿಂದಲೇ ಕೆಲಸ ಮಾಡಬಹುದಾದ ಬೇರೆ ನೌಕರಿ ಹಿಡಿದೆ. ಜೂನ್ 2023ಕ್ಕೆ ಕೊನೆ ದಿನ, ಹನ್ನೊಂದನೇ ತಿಂಗಳು. ಕೊನೆಯ ಲೆಕ್ಕದ ಹಾಳೆ ಬಂದಾಗ ನೋಡಿದರೆ, ವಸೂಲಿ 2,00,000 ಎಂದು ಕೆಂಪು ಅಕ್ಷರದಲ್ಲಿತ್ತು. ನನ್ನ ಕೈಗೆ ಬಂದದ್ದು 1,37,600, ಕೊಟ್ಟದ್ದು ಎರಡು ಲಕ್ಷ. ಹನ್ನೊಂದು ತಿಂಗಳು ಕೆಲಸ ಮಾಡಿದ್ದಕ್ಕೆ ಒಂದು ರೂಪಾಯಿಯ ರಿಯಾಯಿತಿಯೂ ಇರಲಿಲ್ಲ.

ಆ 62,400 ಸರ್ಕಾರಕ್ಕೆ ಹೋಗಿಯಾಗಿತ್ತು. ಮಾರ್ಚ್ ಮುಗಿದಿತ್ತು, ಫಾರ್ಮ್ 16 ಬಂದಾಗಿತ್ತು. ನಮ್ಮಿಂದ ಏನೂ ಮಾಡಲಾಗುವುದಿಲ್ಲ ಎಂದರು.

ಧಾರವಾಡ_ಪೇಢಾ

ಅಣ್ಣಾ, ಅದನ್ನು ಮುಂದಿನ ವರ್ಷದ ರಿಟರ್ನ್‌ನಲ್ಲಿ ಸಂಬಳದಿಂದ ಕಳೆದು ತೋರಿಸಬಹುದಿತ್ತಲ್ಲ? ನನ್ನ ಗೆಳೆಯ ಮಾಡಿದ್ದಾನೆ.

ವಾಕಡ್_ಅಣ್ಣ

ನನ್ನ ಸಿಎ ಬೇಡ ಎಂದರು. ನೋಟಿಸ್ ಬಂದರೆ ಓಡಾಡಬೇಕಾಗುತ್ತದೆ ಎಂದರು.

ಕೊತ್ರೂಡ್_ಗಿರೀಶ

ಇಬ್ಬರೂ ಹೇಳಿದ್ದು ನಡೆಯುತ್ತದೆ. ಕೊಟ್ಟದ್ದು, ವಾಪಸ್ ಪಡೆದದ್ದು ಒಂದೇ ಹಣಕಾಸು ವರ್ಷದಲ್ಲಿ ಆದರೆ ತೊಂದರೆ ಕಡಿಮೆ. ಕಂಪನಿಯೇ ಆ ವರ್ಷದ ಸಂಬಳದಿಂದ ಕಳೆದು ಟಿಡಿಎಸ್ ಸರಿ ಮಾಡಬಹುದು. ಮಾರ್ಚ್ 31 ದಾಟಿದರೆ ಕಂಪನಿ ಹಳೆ ವರ್ಷವನ್ನು ತೆರೆಯುವುದಿಲ್ಲ. ರಿಟರ್ನ್‌ನಲ್ಲಿ ಕಳೆದು ತೋರಿಸುವುದು ವಾದದ ವಿಷಯ. ಒಬ್ಬ ಸಿಎ ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ.

ಬಾಗಲಕೋಟೆ ತಂಗಿಗೆ ಹಣ ಬರುವುದು ಏಪ್ರಿಲ್ 2026ಕ್ಕೆ. ಹಾಗಾಗಿ ಮಾರ್ಚ್ 2027ರೊಳಗೆ ವಾಪಸ್ ಕೊಡುವ ಸಂದರ್ಭ ಬಂದರೆ ಒಂದೇ ವರ್ಷ. ಏಪ್ರಿಲ್‌ನಿಂದ ಅಕ್ಟೋಬರ್ 2027ರವರೆಗೆ ಬಂದರೆ ವಾಕಡ್ ಅಣ್ಣನ ಕಥೆಯೇ.

ಬಾಗಲಕೋಟೆ_ಹುಡುಗಿ

ನನ್ನ ಬೋನಸ್‌ಗೆ ಎಷ್ಟು ತೆರಿಗೆ ಬೀಳಬಹುದು ಅಣ್ಣಾ? ಹೊಸ ಪದ್ಧತಿಯಲ್ಲಿದ್ದೇನೆ. ಶೇ. 15ರ ಸ್ಲ್ಯಾಬ್ ಅಲ್ವಾ? ಇಪ್ಪತ್ತೆರಡು ಇಪ್ಪತ್ಮೂರು ಸಾವಿರ ಎಂದುಕೊಂಡಿದ್ದೆ.

ಕೊತ್ರೂಡ್_ಗಿರೀಶ

ನಿಮ್ಮ ಸಂಬಳ ಬಹಳ ಸೂಕ್ಷ್ಮ ಜಾಗದಲ್ಲಿ ನಿಂತಿದೆ. ಈಗಿನ ದರವೇ ಮುಂದುವರಿದರೆ ಎಂದಿಟ್ಟುಕೊಂಡು ಹೇಳುತ್ತೇನೆ.

ಬೋನಸ್ ಇಲ್ಲದಿದ್ದರೆ ವರ್ಷದ ಸಂಬಳ 13,17,000. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 12,42,000. ಅಂದರೆ 12 ಲಕ್ಷದ ಗಡಿಯನ್ನು 42,000 ಮಾತ್ರ ದಾಟಿದ್ದೀರಿ. ಗಡಿ ಸ್ವಲ್ಪ ದಾಟಿದವರಿಗೆ, ದಾಟಿದ್ದಕ್ಕಿಂತ ಹೆಚ್ಚು ತೆರಿಗೆ ಹಾಕುವುದಿಲ್ಲ. ಹಾಗಾಗಿ 42,000, ಸೆಸ್ ಸೇರಿ 43,680. ಬೋನಸ್ 1,50,000 ಸೇರಿದ ಕೂಡಲೇ ಆ ರಿಯಾಯಿತಿ ಹೋಗುತ್ತದೆ. ತೆರಿಗೆ 92,352 ಆಗುತ್ತದೆ. ಬೋನಸ್‌ನಿಂದ ಹೆಚ್ಚಾದ ತೆರಿಗೆ 48,672. ನಿಮ್ಮ ಕೈಗೆ ಉಳಿಯುವುದು ಸುಮಾರು 1,01,000. ಅದನ್ನು ಪಡೆದು 1,50,000 ವಾಪಸ್ ಕೊಡುವ ಷರತ್ತಿಗೆ ನೀವು ಸಹಿ ಮಾಡುತ್ತಿದ್ದೀರಿ.

ಸಿರಸಿಯವ

ಒಂದು ಸಂಶಯ. ವೇರಿಯಬಲ್ ಕೊಡದಿದ್ದರೂ ಕಾನೂನು ಪ್ರಕಾರ ಕನಿಷ್ಠ ಶೇ. 8.33 ಬೋನಸ್ ಕೊಡಲೇಬೇಕಲ್ಲ? ನಮ್ಮ ಚಾಕಣ್ ಫ್ಯಾಕ್ಟರಿಯಲ್ಲಿ ದೀಪಾವಳಿಗೆ ಕೊಡುತ್ತಾರೆ.

ಕೊತ್ರೂಡ್_ಗಿರೀಶ

ನೀವು ಹೇಳುವುದು ಬೋನಸ್ ಕಾಯ್ದೆಯ ಬೋನಸ್. ಅದಕ್ಕೆ ಸಂಬಳದ ಮಿತಿ ಇದೆ, ತಿಂಗಳಿಗೆ 21,000. ಫ್ಯಾಕ್ಟರಿಯಲ್ಲಿ ಸಿಗುವುದು ಸರಿಯೇ. ಇವರ ವೇರಿಯಬಲ್‌ಗೂ ಅದಕ್ಕೂ ಸಂಬಂಧ ಇಲ್ಲ.

ಅಂಧೇರಿ_ಅಕ್ಕ

ನಾನು ಮುಂಬೈಯಲ್ಲಿ ನೇಮಕಾತಿ ವಿಭಾಗದಲ್ಲಿದ್ದೇನೆ. ಮೇಜಿನ ಆ ಕಡೆ ಕೂತು ನೋಡಿದ್ದನ್ನು ಹೇಳುತ್ತೇನೆ.

ಕೇಳಿದರೆ ಆಫರ್ ಹೋಗಿಬಿಡುತ್ತದೆ ಎಂದು ಹುಡುಗಿಯರು ಜಾಸ್ತಿ ಹೆದರುತ್ತಾರೆ. ಮರ್ಯಾದೆಯಿಂದ ಮೂರು ಸಾಲಿನ ಮೇಲ್ ಬರೆದವರ ಆಫರ್ ವಾಪಸ್ ಹೋದದ್ದನ್ನು ನಾನು ನೋಡಿಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಕೇಳಬೇಡ. ಯಾವುದು ಸಿಗುತ್ತದೆ ಎಂದು ಗೊತ್ತಿರಲಿ.

ಸುಲಭವಾಗಿ ಸಿಗುವುದು ತಿಂಗಳ ಲೆಕ್ಕ. ಪೂರ್ತಿ ವಾಪಸ್ ಬದಲು, ಉಳಿದ ತಿಂಗಳಿಗೆ ತಕ್ಕಷ್ಟು ಮಾತ್ರ. ಒಂಬತ್ತು ತಿಂಗಳು ಮುಗಿಸಿದ್ದರೆ 75,000. ಆಮೇಲೆ ದಿನ ಎಣಿಸುವುದು ಸೇರಿದ ದಿನದಿಂದ, ಹಣ ಕೊಟ್ಟ ದಿನದಿಂದ ಅಲ್ಲ. ಇದೂ ಸಿಗುತ್ತದೆ. ಗ್ರಾಸ್ ಬದಲು ಕೈಗೆ ಬಂದಷ್ಟೇ ಎನ್ನುವುದು ಕಷ್ಟ. ಅದು ಪೇರೋಲ್‌ನವರ ನಿಯಮ, ನೇಮಕ ಮಾಡುವವರ ಕೈಯಲ್ಲಿ ಇರುವುದಿಲ್ಲ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಯಾವುದೇ ಕಾರಣಕ್ಕೆ ಎಂಬ ಮಾತು. ನೀನಾಗಿ ಬಿಟ್ಟರೆ ಕೇಳಲಿ, ತಪ್ಪು ಮಾಡಿ ತೆಗೆದರೆ ಕೇಳಲಿ. ಅವರೇ ಪ್ರಾಜೆಕ್ಟ್ ಇಲ್ಲ ಎಂದು ಮನೆಗೆ ಕಳಿಸಿದರೆ ಯಾಕೆ ಕೊಡಬೇಕು? ಅದನ್ನು ತೆಗೆಸು.

ವೇರಿಯಬಲ್ ಬಗ್ಗೆ ಒಂದೇ ಪ್ರಶ್ನೆ ಕೇಳು. ಹಿಂದಿನ ಮೂರು ವರ್ಷ ನಿನ್ನ ಮಟ್ಟದವರಿಗೆ ಶೇಕಡಾ ಎಷ್ಟು ಕೊಟ್ಟರು? ಬರೆದು ಕೊಡಲಾರರು, ಫೋನಿನಲ್ಲಿ ಹೇಳುತ್ತಾರೆ. ಕಂಪನಿಯ ಅಂಶ ಶೇ. 70 ಎಂದಾದರೆ, ನಿನ್ನ ಕೆಲಸಕ್ಕೆ ಪೂರ್ತಿ ಅಂಕ ಬಂದರೂ 2,00,000 ಹೋಗಿ 1,40,000 ಆಗುತ್ತದೆ.

ಹಡಪ್ಸರ್_ಹುಡುಗ

ಅಂಧೇರಿ ಅಕ್ಕ ಹೇಳಿದ್ದು ನಿಜ. ನನ್ನನ್ನು ಹತ್ತನೇ ತಿಂಗಳು ತೆಗೆದರು. ಇಡೀ ತಂಡವನ್ನೇ ತೆಗೆದರು. ಲೆಕ್ಕದ ಹಾಳೆಯಲ್ಲಿ ಬೋನಸ್ ವಸೂಲಿ ಹಾಕಿದ್ದರು. ನಾನು ರಾಜೀನಾಮೆ ಕೊಟ್ಟಿಲ್ಲ, ನೀವೇ ಕಳಿಸುತ್ತಿದ್ದೀರಿ ಎಂದು ಬರೆದ ಮೇಲೆ ಮೂರು ವಾರಕ್ಕೆ ಬಿಟ್ಟರು. ಆ ಮೂರು ವಾರ ನಿದ್ದೆ ಬರಲಿಲ್ಲ. ಇನ್ನೊಂದು, ನನಗೆ ರಾಜೀನಾಮೆ ಬರೆದು ಕೊಡಿ, ನಿಮ್ಮ ದಾಖಲೆ ಚೆನ್ನಾಗಿರುತ್ತದೆ ಎಂದು ಹೇಳಿದ್ದರು. ಬರೆದಿದ್ದರೆ ಹಣ ಕೇಳಲು ಅವರಿಗೆ ದಾರಿ ಸಿಗುತ್ತಿತ್ತು.

ಬಾಗಲಕೋಟೆ_ಹುಡುಗಿ

ನೀವೆಲ್ಲ ಇಷ್ಟು ಬರೆದದ್ದು ನೋಡಿ ಕಣ್ಣು ತುಂಬಿ ಬಂತು. ಇಲ್ಲಿ ನನಗೆ ಕೇಳಲು ಮನೆಯವರು ಯಾರೂ ಇಲ್ಲ.

ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಹಳೆ ಕಂಪನಿಯ 1,20,000 ಬಿಟ್ಟು ಬರುತ್ತಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದೆ. ತಿಂಗಳ ಲೆಕ್ಕ, ಸೇರಿದ ದಿನದಿಂದ ಎಣಿಕೆ, ಕಂಪನಿಯೇ ತೆಗೆದರೆ ವಸೂಲಿ ಇಲ್ಲ, ಕೈಗೆ ಬಂದಷ್ಟೇ ವಾಪಸ್ ಎಂದು ನಾಲ್ಕು ಕೇಳಿದೆ. ಒಪ್ಪಿದರೆ ಅವರ ಮೇಲ್ ಇಟ್ಟುಕೊಂಡರೆ ಸಾಕಲ್ವಾ?

ಕೊತ್ರೂಡ್_ಗಿರೀಶ

ಸಾಲದು. ನಿಮ್ಮ ಲೆಟರ್‌ನ ಕೊನೆಯ ಪುಟ ನೋಡಿ. ಈ ಪತ್ರಕ್ಕೆ ಮೊದಲು ನಡೆದ ಎಲ್ಲ ಮಾತುಕತೆ ರದ್ದು ಎನ್ನುವ ಸಾಲು ಇರುತ್ತದೆ. ಮೇಲ್ ಮೊದಲು ಬಂದು, ಆಮೇಲೆ ಹಳೆ ಷರತ್ತಿನ ಪತ್ರಕ್ಕೇ ಸಹಿ ಮಾಡಿದರೆ ಆ ಸಾಲು ನಿಮ್ಮ ವಿರುದ್ಧ ನಿಲ್ಲುತ್ತದೆ. ಲೆಟರ್ ಬದಲಿಸಿ ಹೊಸದು ಕೊಡಲಿ. ಹೊಸ ಲೆಟರ್ ಬಂದ ಮೇಲೆ ಬೋನಸ್ ಪ್ಯಾರಾ ಮಾತ್ರ ಅಲ್ಲ, ಎಲ್ಲ ಪುಟ ಮತ್ತೆ ಓದಿ. ಒಂದು ಬದಲಿಸುವಾಗ ಇನ್ನೊಂದು ಬದಲಾಗಿದ್ದನ್ನು ನೋಡಿದ್ದೇನೆ.

ಬಾಗಲಕೋಟೆ_ಹುಡುಗಿ

ಕೊನೆ ಪುಟದಲ್ಲಿ ಆ ಸಾಲು ಇದೆ ಅಣ್ಣಾ. ಎರಡು ಸಲ ಓದಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ.

ಬಾಗಲಕೋಟೆ_ಹುಡುಗಿ

ಗುರುವಾರ ಸಂಜೆ. ಹೊಸ ಲೆಟರ್ ಬಂತು.

ತಿಂಗಳ ಲೆಕ್ಕಕ್ಕೆ ಒಪ್ಪಿದರು. ಎಣಿಕೆ ಸೇರಿದ ದಿನದಿಂದ. ತಂಡ ಮುಚ್ಚಿ ಕಳಿಸಿದರೆ ವಸೂಲಿ ಇಲ್ಲ ಎಂದು ಬರೆದಿದ್ದಾರೆ. ಗ್ರಾಸ್ ಮಾತ್ರ ಹಾಗೇ ಇದೆ. ಅಂಧೇರಿ ಅಕ್ಕ ಹೇಳಿದ ಹಾಗೇ ಆಯಿತು. ವೇರಿಯಬಲ್ ಹೋದ ಮೂರು ವರ್ಷ ಶೇ. 90, 75, 80 ಎಂದು ಫೋನಿನಲ್ಲಿ ಹೇಳಿದರು.

ಕ್ಯಾಲೆಂಡರ್ ಮತ್ತೆ ಹಾಕಿದೆ. 18 ತಿಂಗಳು ಈಗ 12 ಜುಲೈ 2027ಕ್ಕೆ ಮುಗಿಯುತ್ತದೆ. ಅದೇ ತಿಂಗಳ ಕೊನೆಗೆ ಮೊದಲ ವೇರಿಯಬಲ್. ಅದು ಕೈಗೆ ಬಂದ ಮೇಲೆ ಜುಲೈ 31ಕ್ಕೆ ರಾಜೀನಾಮೆ ಕೊಟ್ಟರೂ ಅಕ್ಟೋಬರ್ 29ಕ್ಕೆ ಹೊರಗೆ. ಮೊದಲಿಗಿಂತ ಮೂರು ತಿಂಗಳು ಬೇಗ. ಲೆಕ್ಕ ಸರಿ ಇದೆಯಾ ಗಿರೀಶ ಅಣ್ಣಾ?

ಕೊತ್ರೂಡ್_ಗಿರೀಶ

ಸರಿ ಇದೆ ತಂಗಿ. ಬೋನಸ್ ಬಂದ ಮೇಲೆ ಒಂದು ವರ್ಷವಾದರೂ ಒಂದೂವರೆ ಲಕ್ಷ ಎಲ್ಲಾದರೂ ಎಫ್‌ಡಿಯಲ್ಲಿ ಇಟ್ಟಿರಿ. ಡಿಪಾಸಿಟ್‌ಗೆ, ಗಾಡಿಗೆ ಹಾಕಬೇಡಿ.

ವಾಕಡ್_ಅಣ್ಣ

ಕೈಗೆ ಬರುವುದು ಒಂದು ಲಕ್ಷ ಚಿಲ್ಲರೆ ಅಲ್ವಾ ಗಿರೀಶ? ಉಳಿದ ಐವತ್ತು ಸಾವಿರ ಪಗಾರದಿಂದ ತೆಗೆದಿಡಬೇಕು. ಅದನ್ನೂ ಹೇಳಿ.

ಕೊತ್ರೂಡ್_ಗಿರೀಶ

ಹೌದು, ಅದನ್ನು ಬಿಟ್ಟಿದ್ದೆ. ಆದರೆ ಈಗ ತಿಂಗಳ ಲೆಕ್ಕ ಆಗಿರುವುದರಿಂದ ಪ್ರತಿ ತಿಂಗಳು 8,333 ಅವರ ಸ್ವಂತದ್ದಾಗುತ್ತಾ ಹೋಗುತ್ತದೆ. ಏಪ್ರಿಲ್ ಕೊನೆಗೆ ಹಣ ಬರುವಷ್ಟರಲ್ಲೇ ಮೂರು ತಿಂಗಳು ಕಳೆದಿರುತ್ತದೆ. ವಾಪಸ್ ಕೊಡಬೇಕಾದದ್ದು ಆಗ 1,25,000. ಮೂರು ತಿಂಗಳು ಎಂಟೆಂಟು ಸಾವಿರ ಪಕ್ಕಕ್ಕಿಟ್ಟರೆ ಸರಿಹೋಗುತ್ತದೆ.

ಬಾಗಲಕೋಟೆ_ಹುಡುಗಿ

ಸಹಿ ಮಾಡಿ ಕಳಿಸಿದೆ. ಅಪ್ಪನಿಗೂ ಫೋನ್ ಮಾಡಿದೆ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ಕೇಳಿದರು, ತೆರಿಗೆ ಕಳೆದು 98,000ದ ಆಸುಪಾಸು ಎಂದೆ. ಮನೆ ಬಾಡಿಗೆ ಎಷ್ಟು ಎಂದು ಕೇಳಿದರು. ಖರಾಡಿಯಿಂದ ಹಿಂಜವಡಿಗೆ ದಿನಾ ಓಡಾಡಲು ಆಗುವುದಿಲ್ಲ. ಹಿಂಜವಡಿ ಕಡೆ ಜನವರಿಗೆ ಒಂದು ರೂಮು ಖಾಲಿ ಇರುವುದು ಯಾರಿಗಾದರೂ ಗೊತ್ತಿದ್ದರೆ ಹೇಳಿ.